ಕೊನೆಯ ಇಂಟರ್‌ವ್ಯೂ ಆಗಿ ವಾರಗಟ್ಟಲೆ ಸುದ್ದಿಯಿಲ್ಲ: ಎರಡನೇ ಸಲ ಯಾರನ್ನು, ಯಾವ ದಾರಿಯಲ್ಲಿ ಕೇಳುವುದು?

ಕೊನೆಯ ಸುತ್ತು ಚೆನ್ನಾಗೇ ಆಗಿದೆ. "ಮುಂದಿನ ವಾರ ತಿಳಿಸ್ತೀವಿ" ಅಂದಿದ್ದಾರೆ. ಆ ವಾರ ಕಳೆಯಿತು, ನೀವು ಎಚ್‌ಆರ್‌ಗೆ ಒಂದು ಮೇಲ್ ಹಾಕಿದಿರಿ, ಅದಕ್ಕೂ ಉತ್ತರವಿಲ್ಲ. ಈಗ ಮೂರನೇ ವಾರವೋ ನಾಲ್ಕನೇ ವಾರವೋ ನಡೀತಿದೆ. ಫೋನ್ ಮಾಡಲಾ, ಮ್ಯಾನೇಜರ್‌ಗೇ ನೇರವಾಗಿ ಬರೆಯಲಾ, ಲಿಂಕ್ಡ್‌ಇನ್‌ನಲ್ಲಿ ಕೇಳಲಾ, ಒಳಗಿರುವ ಪರಿಚಯದವರನ್ನು ಹಿಡಿಯಲಾ, ಇಲ್ಲಾ ಸುಮ್ನೆ ಇದ್ದುಬಿಡಲಾ?

ಈ ಐದು ದಾರಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡೋಣ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಎರಡನೇ ಸಲ ಕೇಳುವಾಗ ದಾರಿ ಬದಲಾಯಿಸಿದರಷ್ಟೇ ಸಾಲದು, ಬರಿಗೈಯಲ್ಲೂ ಹೋಗಬಾರದು. "ನನ್ನ ಅರ್ಜಿ ಏನಾಯಿತು?" ಅನ್ನುವ ಅದೇ ಪ್ರಶ್ನೆಯನ್ನು ಇನ್ನೊಂದು ಬಾಗಿಲಿನಿಂದ ಕೇಳಿದರೆ ಅದು ಬರೀ ಒತ್ತಾಯ ಅನ್ನಿಸುತ್ತದೆ. ಇಂಟರ್‌ವ್ಯೂನಲ್ಲಿ ಆಡಿದ ಮಾತಿಗೆ ಸೇರುವ ಒಂದು ಚಿಕ್ಕ, ಹೊಸ ವಿಷಯ ಜೊತೆಗಿದ್ದರೆ ಓದುವವರಿಗೆ ಉತ್ತರಿಸಲು ಒಂದು ಕಾರಣ ಸಿಗುತ್ತದೆ.

ದಾರಿ ಆರಿಸುವ ಮೊದಲು ನೋಡಬೇಕಾದ್ದು

ಮೊದಲನೆಯದು, ಮಾತು ಎಲ್ಲಿ ನಿಂತಿದೆ ಅನ್ನೋದು. ಕೊನೆಯ ಸುತ್ತಿನ ನಂತರದ ಮೌನಕ್ಕೆ ಕಾರಣ ಸಾಮಾನ್ಯವಾಗಿ ನೀವಲ್ಲ. ಮೊದಲ ಆಯ್ಕೆಯಾದವರಿಗೆ ಆಫರ್ ಹೋಗಿರುತ್ತದೆ, ಅವರು ಸಹಿ ಹಾಕುವವರೆಗೆ ಎರಡನೆಯವರಿಗೆ ಹೂಂ ಅನ್ನೋಕೂ ಆಗಲ್ಲ, ಊಹೂಂ ಅನ್ನೋಕೂ ಆಗಲ್ಲ. ಅಥವಾ ಹುದ್ದೆಗೆ ಹಣದ ಒಪ್ಪಿಗೆ ಮೇಲಿನವರ ಬಳಿ ಸಿಕ್ಕಿಹಾಕಿಕೊಂಡಿರುತ್ತದೆ. ಅಥವಾ ಇಂಟರ್‌ವ್ಯೂ ಮಾಡಿದ ನಾಲ್ವರಲ್ಲಿ ಒಬ್ಬರು ರಜೆಯಲ್ಲಿದ್ದು ಎಲ್ಲರೂ ಕೂತು ಮಾತಾಡುವುದೇ ಬಾಕಿ ಉಳಿದಿರುತ್ತದೆ. ಒಮ್ಮೊಮ್ಮೆ ನಿಮ್ಮ ಜೊತೆ ಮಾತಾಡುತ್ತಿದ್ದ ಎಚ್‌ಆರ್ ಕೆಲಸ ಬಿಟ್ಟಿರುತ್ತಾರೆ, ನಿಮ್ಮ ಫೈಲ್ ಬೇರೆಯವರ ಕೈಗೆ ಹೋಗಿಯೇ ಇರುವುದಿಲ್ಲ. ಮೊದಲ ಮೂರರಲ್ಲಿ ಎಚ್‌ಆರ್ ಬಳಿಯೂ ಉತ್ತರ ಇಲ್ಲ, ಅದಕ್ಕೇ ಅವರು ಬರೆಯುತ್ತಿಲ್ಲ. ಹಾಗಾಗಿ ಅವರಿಗೇ ಎರಡನೇ ಮೇಲ್ ಹಾಕಿದರೆ ಅದೂ ಮೊದಲನೆಯದರ ಪಕ್ಕದಲ್ಲೇ ಹೋಗಿ ಕೂರುತ್ತದೆ.

ಎರಡನೆಯದು, ಆ ದಾರಿಯನ್ನು ಅವರೇ ನಿಮಗೆ ತೆರೆದಿದ್ದಾರಾ? ಮ್ಯಾನೇಜರ್ ತಾವಾಗಿ ಕಾರ್ಡ್ ಕೊಟ್ಟಿದ್ದರೆ, ಕ್ಯಾಲೆಂಡರ್ ಆಹ್ವಾನದಲ್ಲಿ ಅವರ ವಿಳಾಸ ಇದ್ದರೆ, ಎಚ್‌ಆರ್ ತಮ್ಮ ಮೊಬೈಲ್‌ನಿಂದಲೇ ಸಮಯ ಗೊತ್ತುಮಾಡಿದ್ದರೆ, ಆ ಬಾಗಿಲು ತೆರೆದಿದೆ. ನೀವೇ ಹುಡುಕಿ ತೆಗೆದ ಖಾಸಗಿ ನಂಬರ್‌ಗೆ ಕರೆ ಮಾಡುವುದು ಬಾಗಿಲು ಮುರಿದ ಹಾಗೆ.

ಮೂರನೆಯದು, ನೀವು ಒಯ್ಯುವ ವಿಷಯ ಆ ದಾರಿಯಲ್ಲಿ ಹಿಡಿಸುತ್ತದಾ? ಒಂದು ಪುಟದ ಟಿಪ್ಪಣಿಯನ್ನು ಫೋನ್‌ನಲ್ಲಿ ಹೇಳಲಾಗದು. "ಇನ್ನೊಂದು ಕಡೆ ಆಫರ್ ಬಂದಿದೆ, ಶುಕ್ರವಾರದೊಳಗೆ ಹೇಳಬೇಕು" ಅನ್ನುವುದಕ್ಕೆ ಒಂದು ಪುಟ ಬೇಡ.

ನಾಲ್ಕನೆಯದು, ಉತ್ತರಿಸಲು ಅವರಿಗೆ ಎಷ್ಟು ಕಷ್ಟ, ಇಲ್ಲ ಅನ್ನಲು ಎಷ್ಟು ಮುಜುಗರ. ಇದನ್ನು ಜನ ಮರೆಯುತ್ತಾರೆ. ಎದುರಿಗೆ ಸಿಕ್ಕಿಹಾಕಿಕೊಂಡಾಗ ಯಾರೂ ನಿಜ ಹೇಳುವುದಿಲ್ಲ, "ನೋಡ್ತಾ ಇದ್ದೀವಿ" ಅಂದು ತಪ್ಪಿಸಿಕೊಳ್ಳುತ್ತಾರೆ. ನಿಮಗೆ ಬೇಕಾದ್ದು ನಿಜ, ಸಮಾಧಾನದ ಮಾತಲ್ಲ.

ಇನ್ನು ಸಮಯದ ಲೆಕ್ಕ. ಅವರು ಹೇಳಿದ ದಿನ ಕಳೆದು ಎರಡು ಮೂರು ಕೆಲಸದ ದಿನ ಬಿಟ್ಟು ಮೊದಲ ಮೇಲ್, ಅಲ್ಲಿಂದ ಸುಮಾರು 10 ಕೆಲಸದ ದಿನ ಬಿಟ್ಟು ಎರಡನೆಯದು. ಇದು ನನ್ನ ಅಳತೆ. ಅದಕ್ಕಿಂತ ಬೇಗ ಹೋದರೆ ದಾರಿ ಬದಲಾಯಿಸಿದ್ದು ಅವಸರದಂತೆ ಕಾಣುತ್ತದೆ, ಒಂದೂವರೆ ತಿಂಗಳು ಬಿಟ್ಟು ಹೋದರೆ ಇಂಟರ್‌ವ್ಯೂನಲ್ಲಿ ಆಡಿದ ಮಾತು ಅವರ ತಲೆಯಿಂದ ಹೋಗಿರುತ್ತದೆ.

ಮ್ಯಾನೇಜರ್‌ಗೆ ನೇರ ಮೇಲ್

ಬಹಳ ಜನರಿಗೆ ನಾನು ಹೇಳುವ ದಾರಿ ಇದು. ಹುದ್ದೆ ಖಾಲಿ ಇರುವುದರಿಂದ ನಿಜಕ್ಕೂ ಕಷ್ಟ ಪಡುತ್ತಿರುವವರು ಮ್ಯಾನೇಜರ್, ಎಚ್‌ಆರ್ ಅಲ್ಲ. ಕೆಲಸದ ಸಮಸ್ಯೆ ಅವರದ್ದು. ಹಾಗಾಗಿ ಆ ಸಮಸ್ಯೆಯ ಬಗ್ಗೆ ನೀವು ಬರೆದರೆ ಅವರಿಗೆ ಓದಬೇಕು ಅನ್ನಿಸುತ್ತದೆ. ಟಿಪ್ಪಣಿ ಬರೆಯಲು ಜಾಗ ಇದೆ, ಅವರು ತಮಗೆ ಬಿಡುವಾದಾಗ ಓದಬಹುದು, ಇಲ್ಲ ಅನ್ನುವುದಿದ್ದರೆ ಎರಡು ಸಾಲಿನಲ್ಲಿ ಮುಜುಗರವಿಲ್ಲದೆ ಅನ್ನಬಹುದು.

ತೊಂದರೆ ಏನು? ಎಚ್‌ಆರ್‌ನ ತಲೆ ಮೇಲೆ ಹಾರಿ ಹೋದ ಹಾಗಾಗಬಹುದು. ಎಚ್‌ಆರ್ ಅನ್ನು ಕಾಪಿಯಲ್ಲಿ ಹಾಕಿದರೆ ಅದು ದೂರು ಕೊಟ್ಟಂತೆ ಕಾಣುತ್ತದೆ, ಹಾಕದಿದ್ದರೆ ಬೆನ್ನ ಹಿಂದೆ ಹೋದಂತೆ. ನನ್ನ ಅನುಭವದಲ್ಲಿ ಕಾಪಿ ಹಾಕದೆ, ಮೇಲ್‌ನ ಒಳಗೆ ಒಂದು ಸಾಲು ಬರೆಯುವುದು ಒಳ್ಳೆಯದು: "ಮುಂದಿನ ಹಂತದ ಬಗ್ಗೆ ಎಚ್‌ಆರ್ ತಂಡಕ್ಕೂ ಬರೆದಿದ್ದೇನೆ." ಅಷ್ಟೇ. "ಎರಡು ವಾರವಾದರೂ ಉತ್ತರ ಬಂದಿಲ್ಲ" ಅಂತ ಸೇರಿಸಬೇಡಿ. ಮ್ಯಾನೇಜರ್‌ಗೆ ಅದು ತಾನಾಗಿ ಗೊತ್ತಾಗುತ್ತದೆ.

ವಿಳಾಸ ಎಲ್ಲಿಂದ? ಇಂಟರ್‌ವ್ಯೂಗೆ ಬಂದ ಕ್ಯಾಲೆಂಡರ್ ಆಹ್ವಾನವನ್ನು ತೆರೆದು ನೋಡಿ, ಎಷ್ಟೋ ಸಲ ಅದರಲ್ಲಿ ಎಲ್ಲರ ವಿಳಾಸವೂ ಇರುತ್ತದೆ. ಹೆಸರು, ಚುಕ್ಕಿ, ಮನೆತನದ ಹೆಸರು ಜೋಡಿಸಿ ಊಹಿಸಿದ ವಿಳಾಸಕ್ಕೆ ಕಳಿಸಬೇಡಿ. ಅದೇ ಹೆಸರಿನ ಇನ್ನೊಬ್ಬರಿಗೆ ಹೋಗಬಹುದು, ಮೇಲಾಗಿ ನೀವು ಹುಡುಕಾಡಿ ತೆಗೆದಿರಿ ಅನ್ನೋದು ಅವರಿಗೆ ತಿಳಿಯುತ್ತದೆ.

ಇನ್ನೊಂದು ಸಣ್ಣ ವಿಷಯ, ಆದರೆ ಇಲ್ಲೇ ಬಹಳ ಮೇಲ್‌ಗಳು ಕೆಡುತ್ತವೆ. ಹೊರಗಿನ ವಿಳಾಸದಿಂದ ಮೊದಲ ಸಲ ಬರುವ ಮೇಲ್‌ಗೆ ಫೈಲ್ ಅಂಟಿಸಿದ್ದರೆ ಅದು ಸ್ಪ್ಯಾಮ್‌ಗೆ ಹೋಗುವ ಸಾಧ್ಯತೆ ಜಾಸ್ತಿ. ಲಿಂಕ್ ಹಾಕಿದರೆ "ಅನುಮತಿ ಕೇಳಿ" ಅನ್ನುವ ಪುಟ ತೆರೆದುಕೊಳ್ಳಬಹುದು, ಅಲ್ಲಿಗೆ ಓದುವವರ ಉತ್ಸಾಹ ಮುಗೀತು. ಹಾಗಾಗಿ ಹೇಳಬೇಕಾದ್ದನ್ನು ಮೇಲ್‌ನ ಒಳಗೇ ಬರೆಯಿರಿ. ಲಿಂಕ್ ಬೇಕೇ ಬೇಕು ಅಂದರೆ, ಕಳಿಸುವ ಮೊದಲು ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ, ನಿಮ್ಮ ಖಾತೆಗೆ ಲಾಗಿನ್ ಆಗದೆ, ಅದು ತೆರೆಯುತ್ತದಾ ನೋಡಿ.

ಜೊತೆಗೆ ಏನನ್ನು ಒಯ್ಯುವುದು: ನನ್ನದೇ ಒಂದು ಉದಾಹರಣೆ

ನಾನು ಒಮ್ಮೆ ಗ್ರಾಹಕರ ದೂರು ನೋಡಿಕೊಳ್ಳುವ ತಂಡದ ಮುಖ್ಯಸ್ಥರ ಹುದ್ದೆಗೆ ಕೊನೆಯ ಸುತ್ತಿನವರೆಗೆ ಹೋಗಿದ್ದೆ. ಅಲ್ಲಿ ಒಂದೊಂದು ದೂರಿನ ದಾಖಲೆಗೂ ಟಿಕೆಟ್ ಅನ್ನುತ್ತಾರೆ. ಮ್ಯಾನೇಜರ್ ಒಂದು ಪ್ರಶ್ನೆ ಕೇಳಿದ್ದರು: "ಮುಗಿದ ಟಿಕೆಟ್‌ಗಳು ಮತ್ತೆ ಮತ್ತೆ ತೆರೆದುಕೊಳ್ಳುತ್ತಿವೆ. ನೀವಾಗಿದ್ದರೆ ಎಲ್ಲಿಂದ ಶುರು ಮಾಡ್ತೀರಿ?" ನಾನು ತರಬೇತಿ, ಗುಣಮಟ್ಟದ ತಪಾಸಣೆ ಅಂತ ಏನೇನೋ ಹೇಳಿದೆ. ಉತ್ತರ ತಪ್ಪಲ್ಲ, ಆದರೆ ಯಾರು ಬೇಕಾದರೂ ಹೇಳುವಂಥದ್ದು. ಮನೆಗೆ ಬಂದ ಮೇಲೂ ಅದು ತಲೆಯಲ್ಲೇ ಉಳಿಯಿತು.

ಒಂದು ವಾರದಲ್ಲಿ ಹೇಳುತ್ತೇವೆ ಅಂದಿದ್ದರು. ಹತ್ತನೇ ದಿನ ಎಚ್‌ಆರ್‌ಗೆ ಬರೆದೆ, ಉತ್ತರ ಬರಲಿಲ್ಲ. ಇನ್ನೆರಡು ವಾರ ಬಿಟ್ಟು ಮತ್ತೆ ಬರೆಯಲು ಕೂತಾಗ ಮೊದಲು ಬರೆದದ್ದು ಹೀಗಿತ್ತು: "ನನ್ನ ಅರ್ಜಿಯ ಬಗ್ಗೆ ತಿಳಿಯಲು ಮತ್ತೊಮ್ಮೆ ಬರೆಯುತ್ತಿದ್ದೇನೆ. ಈ ಹುದ್ದೆಯ ಬಗ್ಗೆ ನನಗೆ ಇನ್ನೂ ತುಂಬ ಆಸಕ್ತಿ ಇದೆ." ಓದಿ ನೋಡಿದೆ. ಇದರಲ್ಲಿ ಅವರಿಗೆ ಬೇಕಾದ್ದು ಒಂದೂ ಇರಲಿಲ್ಲ, ಎಲ್ಲವೂ ನನಗೆ ಬೇಕಾದ್ದೇ. ಅಳಿಸಿಹಾಕಿ ಆ ಪ್ರಶ್ನೆಗೇ ವಾಪಸ್ ಹೋದೆ.

ಟಿಕೆಟ್ ವ್ಯವಸ್ಥೆಗಳಲ್ಲಿ ಒಂದು ವಿಷಯವಿದೆ. ಪರಿಹಾರವಾಯಿತು ಅಂತ ಗುರುತು ಹಾಕಿದ ಟಿಕೆಟ್‌ಗೆ ಗ್ರಾಹಕರು ಉತ್ತರ ಬರೆದರೆ ಅದು ತಾನಾಗಿ ಮತ್ತೆ ತೆರೆಯುವಂತೆ ಎಷ್ಟೋ ಕಡೆ ಹೊಂದಿಸಿರುತ್ತಾರೆ. ಆ ಉತ್ತರ ಬರೀ "ಥ್ಯಾಂಕ್ಸ್" ಆಗಿದ್ದರೂ ಅಷ್ಟೇ. ಅಂದರೆ ಕೆಲಸ ಚೆನ್ನಾಗಿ ಆದಾಗ ಬರುವ ಥ್ಯಾಂಕ್ಸ್ ಕೂಡ ಕೆಲಸ ಕೆಟ್ಟ ಲೆಕ್ಕಕ್ಕೆ ಸೇರುತ್ತದೆ. ಇದು ನನಗೆ ಹಳೆಯ ಕೆಲಸದಿಂದಲೇ ಗೊತ್ತಿತ್ತು, ಇಂಟರ್‌ವ್ಯೂನಲ್ಲಿ ಹೊಳೆಯಲಿಲ್ಲ. ಕೊನೆಗೆ ಮ್ಯಾನೇಜರ್‌ಗೆ ಕಳಿಸಿದ ಮೇಲ್ ಇದು:

"ನಮಸ್ಕಾರ. ಕಳೆದ ತಿಂಗಳ ಇಂಟರ್‌ವ್ಯೂನಲ್ಲಿ, ಮತ್ತೆ ತೆರೆದುಕೊಳ್ಳುವ ಟಿಕೆಟ್‌ಗಳ ಬಗ್ಗೆ ನೀವು ಕೇಳಿದ್ದಿರಿ. ಅಂದು ನಾನು ಕೊಟ್ಟ ಉತ್ತರ ಅರ್ಧಂಬರ್ಧ ಇತ್ತು, ಆಮೇಲೆ ಯೋಚಿಸಿದ್ದನ್ನು ಬರೆಯುತ್ತಿದ್ದೇನೆ.

ನಾನಾಗಿದ್ದರೆ ತರಬೇತಿಗೆ ಮೊದಲು, ಇತ್ತೀಚೆಗೆ ಮತ್ತೆ ತೆರೆದ 50 ಟಿಕೆಟ್‌ಗಳನ್ನು ಓದಿ ಮೂರು ಗುಂಪು ಮಾಡುತ್ತೇನೆ. ಗ್ರಾಹಕರು ಬರೀ ಥ್ಯಾಂಕ್ಸ್ ಹೇಳಿದ್ದು, ಹೊಸದೊಂದು ಪ್ರಶ್ನೆಯನ್ನು ಹಳೇ ಟಿಕೆಟ್‌ನಲ್ಲೇ ಕೇಳಿದ್ದು, ನಿಜಕ್ಕೂ ಪರಿಹಾರವಾಗದೆ ಉಳಿದದ್ದು. ತಂಡ ಕಲಿಯಬೇಕಾದ್ದು ಮೂರನೇ ಗುಂಪಿನಲ್ಲಿ ಮಾತ್ರ ಇರುತ್ತದೆ. ಮೊದಲ ಗುಂಪು ದೊಡ್ಡದಿದ್ದರೆ ತಂಡದ ತಪ್ಪಿಗಿಂತ ಎಣಿಕೆಯ ತಪ್ಪೇ ಜಾಸ್ತಿ ಇದೆ ಅಂತ. ನಿಮ್ಮ ವ್ಯವಸ್ಥೆ ಹೇಗಿದೆ ಅಂತ ಹೊರಗಿನಿಂದ ನನಗೆ ಗೊತ್ತಿಲ್ಲ, ಹಾಗಾಗಿ ಇದು ಊಹೆ ಅಷ್ಟೇ.

ಮುಂದಿನ ಹಂತದ ಬಗ್ಗೆ ಎಚ್‌ಆರ್ ತಂಡಕ್ಕೂ ಬರೆದಿದ್ದೇನೆ. ಹುದ್ದೆ ಇನ್ನೂ ತೆರೆದಿದೆಯೇ, ಅಥವಾ ಬೇರೆಯವರ ಜೊತೆ ಮುಂದುವರಿದಿದ್ದೀರಾ? ಒಂದು ಸಾಲಿನ ಉತ್ತರವೂ ಸಾಕು."

ಇದರಲ್ಲಿ ಒಂದೊಂದು ಸಾಲೂ ಯಾಕಿದೆ ಅಂದರೆ: ಮೊದಲ ಸಾಲು ನಾನು ಯಾರು ಅನ್ನುವುದನ್ನು ಅವರ ಪ್ರಶ್ನೆಯ ಮೂಲಕವೇ ನೆನಪಿಸುತ್ತದೆ. ನನ್ನ ಹೆಸರಿಗಿಂತ ಅವರ ಪ್ರಶ್ನೆ ಅವರಿಗೆ ಚೆನ್ನಾಗಿ ನೆನಪಿರುತ್ತದೆ. ಮಧ್ಯದ ಭಾಗವನ್ನು ಅವರು ಅವತ್ತೇ, ನನ್ನನ್ನು ಕೆಲಸಕ್ಕೆ ತೆಗೆದುಕೊಳ್ಳದೆಯೂ, ಪರೀಕ್ಷೆ ಮಾಡಿ ನೋಡಬಹುದು. "ಊಹೆ ಅಷ್ಟೇ" ಅನ್ನುವುದು ಬಹಳ ಮುಖ್ಯ. ಒಳಗಿನದು ಗೊತ್ತಿಲ್ಲದೆ ಹೊರಗಿನಿಂದ ತೀರ್ಪು ಕೊಡುವವರನ್ನು ಯಾರೂ ತಂಡಕ್ಕೆ ಸೇರಿಸಿಕೊಳ್ಳಲು ಇಷ್ಟಪಡುವುದಿಲ್ಲ. ಕೊನೆಯ ಪ್ರಶ್ನೆಯಲ್ಲಿ "ಬೇರೆಯವರ ಜೊತೆ ಮುಂದುವರಿದಿದ್ದೀರಾ" ಅಂತ ನಾನೇ ಕೇಳಿದ್ದರಿಂದ ಇಲ್ಲ ಅನ್ನುವುದು ಅವರಿಗೆ ಸುಲಭವಾಯಿತು.

ವಿಷಯದ ಸಾಲಿನಲ್ಲಿ "ಮತ್ತೆ ತೆರೆಯುವ ಟಿಕೆಟ್‌ಗಳು: ಇಂಟರ್‌ವ್ಯೂನಲ್ಲಿ ಬಿಟ್ಟುಹೋದ ಒಂದು ಮಾತು" ಅಂತ ಹಾಕಿದ್ದೆ. "ಫಾಲೋ ಅಪ್" ಅನ್ನುವ ಪದವನ್ನು ಬೇಕೆಂದೇ ಬಳಸಲಿಲ್ಲ.

ಎರಡನೇ ದಿನ ಉತ್ತರ ಬಂತು. ಬೇರೆಯವರ ಜೊತೆ ಮುಂದುವರಿದಿದ್ದರು, ನನಗೆ ತಿಳಿಸುವುದು ತಪ್ಪಿಹೋಗಿತ್ತು ಅಂತ ಕ್ಷಮೆ ಕೇಳಿದ್ದರು, ಥ್ಯಾಂಕ್ಸ್ ಟಿಕೆಟ್‌ಗಳನ್ನು ತೆಗೆಸಿ ನೋಡಿದೆವು ಅಂತ ಒಂದು ಸಾಲೂ ಇತ್ತು. ಕೆಲಸ ಸಿಗಲಿಲ್ಲ. ಆದರೆ ಆ ಮೂರೂವರೆ ವಾರ ಇನ್ನೊಂದು ಕಡೆಯ ಮಾತನ್ನು ನಾನು ಅರ್ಧಕ್ಕೇ ನಿಲ್ಲಿಸಿಕೊಂಡು ಕೂತಿದ್ದೆ, ಅವತ್ತು ಸಂಜೆಯೇ ಅವರಿಗೆ ಹೂಂ ಅಂದೆ.

ಟಿಪ್ಪಣಿ ಬರೆಯುವಾಗ ಅಳತೆ ಮೀರುವುದು ಸುಲಭ. ಹತ್ತು ಪುಟದ ಯೋಜನೆ ಕಳಿಸಿದರೆ ಯಾರೂ ಓದುವುದಿಲ್ಲ, ಸಂಬಳವಿಲ್ಲದ ಕೆಲಸವನ್ನು ನೀವೇ ಮಾಡಿಕೊಟ್ಟ ಹಾಗೂ ಆಗುತ್ತದೆ. ಒಂದು ಸಂಜೆ, ಹೆಚ್ಚೆಂದರೆ ಎರಡು ಗಂಟೆ, ಅದಕ್ಕಿಂತ ಜಾಸ್ತಿ ಸಮಯ ಕೊಡಬೇಡಿ. ಅವರ ವೆಬ್‌ಸೈಟ್‌ನ ತಪ್ಪುಗಳನ್ನು ಪಟ್ಟಿ ಮಾಡಿ ಕಳಿಸುವುದು ಬೇಡ, ಕೇಳದೇ ಇದ್ದ ಟೀಕೆ ಅದು. ಈಗಿನ ಅಥವಾ ಹಿಂದಿನ ಕಂಪನಿಯ ಒಳಗಿನ ಅಂಕಿಗಳನ್ನು ಉದಾಹರಣೆಯಾಗಿ ಕೊಡಲೇಬೇಡಿ. ನಾಳೆ ನಮ್ಮದನ್ನೂ ಹೀಗೇ ಹೊರಗೆ ಹೇಳುತ್ತಾರೆ ಅಂತ ಓದುವವರಿಗೆ ಅನ್ನಿಸುತ್ತದೆ, ಅನ್ನಿಸಲೇಬೇಕು.

ಅರ್ಧ ಉಳಿದ ಉತ್ತರ ಯಾವುದೂ ಇಲ್ಲ ಅಂದರೆ? ಇಂಟರ್‌ವ್ಯೂ ಆದ ಮೇಲೆ ಮುಗಿದ ಒಂದು ಕೋರ್ಸ್, ಬಿಡುಗಡೆಯಾದ ಒಂದು ಪ್ರಾಜೆಕ್ಟ್, ನೋಟಿಸ್ ಅವಧಿ ಕಡಿಮೆಯಾದದ್ದು, ಇವೂ ಹೊಸ ವಿಷಯಗಳೇ. ನೋಟಿಸ್ ಅವಧಿಯದ್ದು ಚಿಕ್ಕದಾಗಿ ಕಂಡರೂ ಬಹಳ ತೂಕದ್ದು. ಎರಡನೇ ಆಯ್ಕೆಯಾಗಿರುವ ನೀವು ಬೇಗ ಸೇರಬಲ್ಲಿರಿ ಅಂತಾದರೆ, ಮೊದಲನೆಯವರು ತಡಮಾಡುತ್ತಿರುವ ಹೊತ್ತಿನಲ್ಲಿ ಅದು ಲೆಕ್ಕಕ್ಕೆ ಬರುತ್ತದೆ. ಯಾವುದೋ ಲೇಖನದ ಲಿಂಕ್ ಕಳಿಸಿ "ನಿಮಗೆ ಇಷ್ಟವಾಗಬಹುದು" ಅನ್ನುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ. ಅದರಲ್ಲಿ ನಿಮ್ಮದು ಅಂತ ಏನೂ ಇಲ್ಲ.

ಲಿಂಕ್ಡ್‌ಇನ್

ಮ್ಯಾನೇಜರ್‌ನ ಮೇಲ್ ವಿಳಾಸ ಸಿಗದಿದ್ದಾಗ ಇದು ಸರಿಯಾದ ಎರಡನೇ ದಾರಿ. ಒಳ್ಳೆಯ ಅಂಶ ಅಂದರೆ ನಿಮ್ಮ ಫೋಟೋ, ಕೆಲಸದ ಇತಿಹಾಸ ಎಲ್ಲ ಸಂದೇಶದ ಜೊತೆಗೇ ಇರುತ್ತದೆ, ಯಾರು ಇವರು ಅಂತ ಹುಡುಕಬೇಕಾಗಿಲ್ಲ. ಕೆಟ್ಟದ್ದು ಅಂದರೆ ಅವರು ಅದನ್ನು ಯಾವಾಗ ತೆರೆಯುತ್ತಾರೋ ಗೊತ್ತಿಲ್ಲ. ಹಾಗಾಗಿ ಮೊದಲು ಅವರ ಪ್ರೊಫೈಲ್‌ನಲ್ಲಿ ಇತ್ತೀಚಿನ ಚಟುವಟಿಕೆ ನೋಡಿ. ಈ ಎರಡು ವಾರದಲ್ಲಿ ಏನಾದರೂ ಬರೆದಿದ್ದರೆ, ಇನ್ನೊಬ್ಬರದ್ದಕ್ಕೆ ಪ್ರತಿಕ್ರಿಯೆ ಹಾಕಿದ್ದರೆ, ದಾರಿ ಜೀವಂತ ಇದೆ. ಕೊನೆಯ ಚಟುವಟಿಕೆ ವರ್ಷದ ಹಿಂದಿನದಾಗಿದ್ದರೆ ಅಲ್ಲಿ ಬರೆಯುವುದು ಖಾಲಿ ಮನೆಯ ಬಾಗಿಲು ತಟ್ಟಿದಂತೆ.

ಇನ್ನೊಂದು ಮಿತಿ ಜಾಗದ್ದು. ಸಂಪರ್ಕಕ್ಕೆ ಕೋರುವಾಗ ಜೊತೆಗೆ ಬರೆಯುವ ಟಿಪ್ಪಣಿಗೆ ಕೆಲವೇ ಸಾಲಿನಷ್ಟು ಜಾಗ, ಹಣ ಕೊಡದ ಖಾತೆಯಲ್ಲಿ ಅಂಥ ಟಿಪ್ಪಣಿಗಳು ತಿಂಗಳಿಗೆ ಕೆಲವೇ ಸಿಗುತ್ತವೆ. ಅಷ್ಟರಲ್ಲಿ ಇಡೀ ವಿಷಯ ತುರುಕಲು ಹೋಗಬೇಡಿ. ಟಿಪ್ಪಣಿಯಲ್ಲಿ ನೆನಪು ಮಾತ್ರ ಇರಲಿ: "ಕಳೆದ ತಿಂಗಳು ತಂಡದ ಮುಖ್ಯಸ್ಥರ ಹುದ್ದೆಗೆ ನಿಮ್ಮೊಂದಿಗೆ ಮಾತಾಡಿದ್ದೆ. ಮತ್ತೆ ತೆರೆಯುವ ಟಿಕೆಟ್‌ಗಳ ಬಗ್ಗೆ ಆಮೇಲೆ ಒಂದು ವಿಷಯ ಹೊಳೆಯಿತು, ಕಳಿಸಲೇ?" ಅವರು ಒಪ್ಪಿಕೊಂಡ ಮೇಲೆ ಆರೇಳು ಸಾಲಿನಲ್ಲಿ ವಿಷಯ ಬರೆಯಿರಿ. ಮೇಲ್‌ನಲ್ಲಿ ಬರೆಯುವಷ್ಟು ಉದ್ದ ಇಲ್ಲಿ ಬೇಡ, ಹೆಚ್ಚಿನವರು ಇದನ್ನು ಫೋನ್‌ನಲ್ಲಿ ಓದುತ್ತಾರೆ. ಕೋರಿಕೆ ಒಪ್ಪಿಕೊಂಡು, ಸಂದೇಶ ಓದಿಯೂ ಉತ್ತರಿಸದಿದ್ದರೆ ಮತ್ತೆ ಅಲ್ಲೇ ಕೇಳಬೇಡಿ. ಅವರ ಪೋಸ್ಟ್‌ಗಳಿಗೆಲ್ಲ ಸಾಲಾಗಿ ಲೈಕ್ ಒತ್ತುತ್ತಾ ಹೋಗುವುದೂ ಬೇಡ, ಅದು ಕಾಣುತ್ತದೆ.

ಇಂಟರ್‌ವ್ಯೂ ಮಾಡಿದವರಲ್ಲಿ ಮ್ಯಾನೇಜರ್ ಬಿಟ್ಟು ಬೇರೊಬ್ಬರ ಜೊತೆ ಮಾತು ಚೆನ್ನಾಗಿ ಕೂಡಿಬಂದಿತ್ತು ಅಂದರೆ ಅವರಿಗೆ ಬರೆಯಬಹುದಾ? ಬರೆಯಬಹುದು, ಆದರೆ ಫಲಿತಾಂಶ ಕೇಳಬೇಡಿ. ಅವರಿಗೆ ಹೇಳುವ ಅಧಿಕಾರ ಇರುವುದಿಲ್ಲ, ಸುಮ್ನೆ ಇಕ್ಕಟ್ಟಿಗೆ ಸಿಲುಕಿಸಿದಂತಾಗುತ್ತದೆ.

ಫೋನ್

ಫೋನ್ ಮ್ಯಾನೇಜರ್‌ಗಲ್ಲ, ಎಚ್‌ಆರ್‌ಗೆ. ಅದೂ ಅವರು ನಿಮಗೆ ಯಾವ ನಂಬರ್‌ನಿಂದ ಕರೆ ಮಾಡಿದ್ದರೋ ಅದಕ್ಕೆ ಮಾತ್ರ. ಇದು ಟಿಪ್ಪಣಿ ಒಯ್ಯುವ ದಾರಿಯಲ್ಲ, ಒಂದು ಸಂಗತಿ ತಿಳಿಸಲು ಅಥವಾ ತಿಳಿಯಲು ಇರುವ ದಾರಿ. ಎರಡು ಸಂದರ್ಭದಲ್ಲಿ ಇದು ಎಲ್ಲಕ್ಕಿಂತ ಮೇಲು.

ಒಂದು, ನಿಮಗೆ ನಿಜಕ್ಕೂ ಇನ್ನೊಂದು ಆಫರ್ ಬಂದು ದಿನ ಗೊತ್ತಾಗಿದ್ದಾಗ. "ನನಗೆ ಇನ್ನೊಂದು ಕಡೆ ಆಫರ್ ಬಂದಿದೆ, ಬರುವ ಶುಕ್ರವಾರದೊಳಗೆ ಉತ್ತರ ಕೊಡಬೇಕು. ನಿಮ್ಮ ಕೆಲಸ ನನಗೆ ಹೆಚ್ಚು ಇಷ್ಟ, ಅದಕ್ಕೇ ಮೊದಲು ನಿಮಗೆ ಹೇಳುತ್ತಿದ್ದೇನೆ. ಗುರುವಾರದೊಳಗೆ ಒಂದು ಸೂಚನೆ ಕೊಡಲು ಆಗುತ್ತಾ?" ಇದಕ್ಕಿಂತ ಬಲವಾದ ಹೊಸ ವಿಷಯ ಇಲ್ಲ, ಎಚ್‌ಆರ್‌ಗೂ ಇದನ್ನು ಹಿಡಿದು ಮೇಲಿನವರನ್ನು ಕೇಳಲು ಒಂದು ನೆಪ ಸಿಗುತ್ತದೆ. ಕರೆಯಾದ ಕೂಡಲೇ ಅದನ್ನೇ ಎರಡು ಸಾಲಿನ ಮೇಲ್ ಮಾಡಿ, ಅವರು ಅದನ್ನು ಮುಂದೆ ಕಳಿಸಬಹುದು. ಇಲ್ಲದ ಆಫರ್ ಇದೆ ಅನ್ನಬೇಡಿ. "ಹಾಗಾದರೆ ತೆಗೆದುಕೊಳ್ಳಿ, ಶುಭವಾಗಲಿ" ಅಂದುಬಿಟ್ಟರೆ ಹಿಂದೆ ಬರಲು ದಾರಿಯೇ ಇರುವುದಿಲ್ಲ.

ಎರಡು, ನೀವು ಬಂದದ್ದು ಕನ್ಸಲ್ಟೆನ್ಸಿ ಮೂಲಕ ಆಗಿದ್ದಾಗ. ಆಗ ಕಂಪನಿಗೆ ನೇರ ಬರೆಯಬೇಡಿ. ಅವರಿಗೆ ಬರಬೇಕಾದ ಶುಲ್ಕದ ಪ್ರಶ್ನೆ ಅಲ್ಲಿರುತ್ತದೆ, ಇಬ್ಬರ ನಡುವಿನ ಒಪ್ಪಂದದಲ್ಲಿ ನೀವು ಅಡ್ಡ ಬಂದಂತಾಗುತ್ತದೆ. ಕನ್ಸಲ್ಟೆಂಟ್‌ಗೆ ಕರೆ ಮಾಡಿ, ನಿಮ್ಮ ಟಿಪ್ಪಣಿಯನ್ನು ಅವರಿಗೆ ಮೇಲ್ ಮಾಡಿ, "ಇದನ್ನು ಮ್ಯಾನೇಜರ್‌ಗೆ ತಲುಪಿಸಿ" ಅನ್ನಿ. ನೀವು ಆಯ್ಕೆಯಾದರೆ ಅವರಿಗೂ ಲಾಭ, ಹಾಗಾಗಿ ತಲುಪಿಸುತ್ತಾರೆ.

ಇವೆರಡೂ ಇಲ್ಲದಿದ್ದರೆ ಫೋನ್‌ನಿಂದ ಸಿಗುವುದು "ಪ್ರೊಸೆಸ್‌ನಲ್ಲಿದೆ" ಅನ್ನುವ ಮಾತಷ್ಟೇ. ಕರೆ ಮಾಡಲೇಬೇಕಿದ್ದರೆ ಉತ್ತರಿಸಬಹುದಾದ ಪ್ರಶ್ನೆ ಕೇಳಿ. "ಏನಾಯಿತು?" ಅನ್ನುವುದಕ್ಕಿಂತ "ಹುದ್ದೆಗೆ ಒಪ್ಪಿಗೆ ಬಾಕಿ ಇದೆಯಾ, ಅಥವಾ ಆಯ್ಕೆ ಬಾಕಿ ಇದೆಯಾ?" ಅಂದರೆ ಒಂದು ಕಡೆಗಾದರೂ ಮಾತು ಹೊರಳುತ್ತದೆ. ತೆಗೆಯದಿದ್ದರೆ ಹೆಸರು, ಹುದ್ದೆ, ಕಾರಣ ಅಷ್ಟನ್ನೂ ಅರ್ಧ ನಿಮಿಷದಲ್ಲಿ ಹೇಳಿ ಬಿಡಿ, ಅದೇ ದಿನ ಮತ್ತೆ ಕರೆ ಮಾಡಬೇಡಿ.

ವಾಟ್ಸ್‌ಆ್ಯಪ್ ಬಗ್ಗೆ ಇಷ್ಟೇ: ಅವರು ಅದರಲ್ಲೇ ನಿಮ್ಮ ಜೊತೆ ಸಮಯ ಗೊತ್ತುಮಾಡಿದ್ದರೆ ಮಾತ್ರ, ಕೆಲಸದ ಹೊತ್ತಿನಲ್ಲಿ, ಒಂದೇ ಸಂದೇಶದಲ್ಲಿ ಪೂರ್ತಿ ವಿಷಯ. "ಹಾಯ್" ಅಂತ ಮಾತ್ರ ಕಳಿಸಿ ಕಾಯಬೇಡಿ. ಹೋಗಲಿ ಅಂತ ಕಳಿಸಿದರೂ ನೀಲಿ ಗೆರೆ ಬಂದ ಮೇಲೆ ಉತ್ತರ ಬಾರದಿದ್ದಾಗ ಆಗುವ ಸಂಕಟ ಮೇಲ್‌ನಲ್ಲಿ ಇಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಒಳಗಿರುವವರ ಮೂಲಕ

ನಿಮ್ಮ ಹೆಸರನ್ನು ಶಿಫಾರಸು ಮಾಡಿದವರು ಆ ಕಂಪನಿಯಲ್ಲೇ ಇದ್ದರೆ, ನಿಜವಾದ ಸುದ್ದಿ ಬೇಗ ಸಿಗುವುದು ಇಲ್ಲೇ. ಎಷ್ಟೋ ಕಂಪನಿಗಳಲ್ಲಿ ತಾವು ಶಿಫಾರಸು ಮಾಡಿದವರ ಅರ್ಜಿ ಯಾವ ಹಂತದಲ್ಲಿದೆ ಅಂತ ಉದ್ಯೋಗಿಗಳು ತಮ್ಮ ಪೋರ್ಟಲ್‌ನಲ್ಲೇ ನೋಡಬಹುದು. ನೇಮಕಾತಿ ನಿಂತಿದೆ, ತಂಡ ಬದಲಾಗಿದೆ, ಮ್ಯಾನೇಜರ್ ರಜೆಯಲ್ಲಿದ್ದಾರೆ ಅನ್ನೋದು ಅವರಿಗೆ ಊಟದ ಹೊತ್ತಿನ ಮಾತಿನಲ್ಲೇ ತಿಳಿದಿರುತ್ತದೆ.

ಆದರೆ ಇಲ್ಲಿ ಖರ್ಚಾಗುವುದು ಅವರ ಮಾನ, ನಿಮ್ಮದಲ್ಲ. ಹಾಗಾಗಿ ಮಾಹಿತಿ ಮಾತ್ರ ಕೇಳಿ, ವಕಾಲತ್ತು ಕೇಳಬೇಡಿ. "ಆ ಹುದ್ದೆ ಇನ್ನೂ ತೆರೆದಿದೆಯಾ ಅಂತ ಗೊತ್ತಾದರೆ ಹೇಳ್ತೀಯಾ? ಯಾರನ್ನೂ ಕೇಳೋಕೆ ಹೋಗಬೇಡ, ಗೊತ್ತಿದ್ದರೆ ಮಾತ್ರ" ಅಂದರೆ ಗೆಳೆತನಕ್ಕೆ ಭಾರವಾಗುವುದಿಲ್ಲ. "ನನ್ನ ಬಗ್ಗೆ ಮ್ಯಾನೇಜರ್ ಹತ್ತಿರ ಒಂದು ಮಾತು ಹೇಳು" ಅನ್ನುವುದು ಬೇರೆ. ಅದನ್ನು ಕೇಳುವುದಿದ್ದರೆ ಒಮ್ಮೆ ಮಾತ್ರ ಕೇಳಬಹುದು, ಮತ್ತು ಆ ಒಂದು ಸಲವನ್ನು ಅರ್ಜಿ ಹಾಕುವಾಗಲೇ ನೀವು ಬಳಸಿಬಿಟ್ಟಿದ್ದೀರಿ.

ಈ ದಾರಿ ಒಂಟಿಯಾಗಿ ಅಷ್ಟು ಉಪಯೋಗವಿಲ್ಲ, ಮ್ಯಾನೇಜರ್ ಮೇಲ್‌ಗೆ ಮುಂಚೆ ಬಹಳ ಉಪಯೋಗ. ಮ್ಯಾನೇಜರ್ ಎರಡು ವಾರ ರಜೆ ಅಂತ ಗೊತ್ತಾದರೆ ಅವರು ಬಂದು ಮೂರು ದಿನವಾದ ಮೇಲೆ ಕಳಿಸಬಹುದು. ಹುದ್ದೆಯೇ ರದ್ದಾಗಿದೆ ಅಂತ ಗೊತ್ತಾದರೆ ಟಿಪ್ಪಣಿ ಬರೆಯುವ ಸಂಜೆ ಉಳಿಯುತ್ತದೆ. ಒಂದೇ ಎಚ್ಚರ, ಒಳಗಿನಿಂದ ತಿಳಿದದ್ದನ್ನು ಮೇಲ್‌ನಲ್ಲಿ ತೋರಿಸಿಕೊಳ್ಳಬೇಡಿ. "ಮೊದಲ ಆಯ್ಕೆಯವರು ಇನ್ನೂ ಸಹಿ ಹಾಕಿಲ್ಲವಂತೆ" ಅಂತ ಬರೆದರೆ ನಿಮಗೆ ಹೇಳಿದವರು ಯಾರು ಅಂತ ಹುಡುಕಾಟ ಶುರುವಾಗುತ್ತದೆ.

ಸುಮ್ಮನಿರುವುದು

ಇದೂ ಒಂದು ಆಯ್ಕೆಯೇ. ಎಲ್ಲ ಮಾತೂ ಒಬ್ಬರ ಮೂಲಕವೇ ಬರಬೇಕು ಅಂತ ಅವರು ಬರೆದು ತಿಳಿಸಿದ್ದರೆ, ಅಥವಾ ಫಲಿತಾಂಶದ ದಿನವನ್ನು ಪ್ರಕಟಿಸಿ ಅದಕ್ಕೆ ಮುಂಚೆ ಸಂಪರ್ಕಿಸಬಾರದು ಅಂದಿದ್ದರೆ, ಸುಮ್ಮನಿರುವುದೇ ಸರಿ. ಕೆಲಸದ ಮೇಲೆ ನಿಮಗೇ ಮನಸ್ಸು ಹೋಗಿದ್ದರೂ ಸರಿ. ಪೋರ್ಟಲ್‌ನಲ್ಲಿ "ಪರಿಶೀಲನೆಯಲ್ಲಿದೆ" ಅಂತ ಇದೆ ಎನ್ನುವ ಕಾರಣಕ್ಕೆ ಮಾತ್ರ ಸುಮ್ಮನಿರಬೇಡಿ. ಆಯ್ಕೆ ಮುಗಿದು ತಿಂಗಳಾದರೂ ಯಾರೂ ಅದನ್ನು ಬದಲಾಯಿಸದೆ ಬಿಟ್ಟಿರುತ್ತಾರೆ. ಹಾಗೆಯೇ ಅದೇ ಹುದ್ದೆಯ ಜಾಹೀರಾತು ಮತ್ತೆ ಕಂಡಿತು ಅಂತ ಎದೆಗುಂದಬೇಡಿ, ಅವಧಿ ಮುಗಿದ ಜಾಹೀರಾತು ತಾನಾಗಿ ಮರುಪ್ರಕಟವಾಗುವುದೂ ಉಂಟು.

ಹಾಗಾದರೆ ನಿಮಗೆ ಯಾವುದು?

ಕೈಯಲ್ಲಿ ಇನ್ನೊಂದು ಆಫರ್ ಇದ್ದು ದಿನಗಳು ಕಡಿಮೆ ಇದ್ದರೆ ಎಚ್‌ಆರ್‌ಗೆ ಫೋನ್, ಹಿಂದೆಯೇ ಮೇಲ್. ಕನ್ಸಲ್ಟೆನ್ಸಿ ಮೂಲಕ ಬಂದಿದ್ದರೆ ಅವರ ಮೂಲಕವೇ. ಇವೆರಡೂ ಅಲ್ಲ, ಮ್ಯಾನೇಜರ್‌ನ ವಿಳಾಸ ನ್ಯಾಯವಾಗಿ ನಿಮ್ಮ ಬಳಿ ಇದೆ, ಹೇಳಲು ಒಂದು ವಿಷಯವೂ ಇದೆ ಅಂದರೆ ನೇರ ಮೇಲ್. ವಿಳಾಸವಿಲ್ಲ ಆದರೆ ಅವರು ಲಿಂಕ್ಡ್‌ಇನ್‌ನಲ್ಲಿ ಓಡಾಡುತ್ತಾರೆ ಅಂದರೆ ಅಲ್ಲಿ. ಈಗಿನ ಕೆಲಸದಲ್ಲಿದ್ದು ಗುಟ್ಟಾಗಿ ಹುಡುಕುತ್ತಿರುವವರು ಲಿಂಕ್ಡ್‌ಇನ್ ಬಗ್ಗೆ ಸ್ವಲ್ಪ ಯೋಚಿಸಿ, ಸಂಪರ್ಕಗಳ ಪಟ್ಟಿ ನಿಮ್ಮ ಈಗಿನವರಿಗೂ ಕಾಣಬಹುದು. ಹೇಳಲು ಹೊಸದೇನೂ ಇಲ್ಲ, ಹೊಸದಾಗಿ ಕೆಲಸ ಹುಡುಕುತ್ತಿರುವವರು, ಮ್ಯಾನೇಜರ್‌ಗೆ ಬರೆಯಲು ಅಳುಕು ಅಂದರೆ ಎಚ್‌ಆರ್‌ಗೇ ಒಂದು ಕರೆ ಮಾಡಿ ಆ ಎರಡು ಆಯ್ಕೆಯ ಪ್ರಶ್ನೆ ಕೇಳಿ.

ಎರಡು ಮೂರು ದಾರಿಗಳಲ್ಲಿ ಒಟ್ಟಿಗೆ ಹೋಗಬೇಡಿ. ಮ್ಯಾನೇಜರ್‌ಗೆ ಮೇಲ್, ಅದೇ ದಿನ ಲಿಂಕ್ಡ್‌ಇನ್, ಮರುದಿನ ಎಚ್‌ಆರ್‌ಗೆ ಫೋನ್ ಅಂತಾದರೆ ಅವರಿಬ್ಬರೂ ಒಟ್ಟಿಗೆ ಕೂತು ನಿಮ್ಮ ಬಗ್ಗೆ ಮಾತಾಡುತ್ತಾರೆ, ನೀವು ಬಯಸಿದ ರೀತಿಯಲ್ಲಲ್ಲ.

ಕಳಿಸಿದ ಮೇಲೆ ಏಳು ಕೆಲಸದ ದಿನ ನೋಡಿ, ಮೂರನೇ ಸಲ ಕೇಳುವುದು ಬೇಡ. "ಇನ್ನೂ ನಡೀತಿದೆ" ಅಂತ ಉತ್ತರ ಬಂದರೆ ಒಂದೇ ಪ್ರಶ್ನೆ ಕೇಳಿ: "ಯಾವ ದಿನದ ನಂತರ ಕೇಳಿದರೆ ಸರಿ?" ಅವರು ದಿನ ಕೊಟ್ಟರೆ ಆ ದಿನ ಬರೆಯಿರಿ, ಅದು ಮೂರನೇ ಸಲ ಆಗುವುದಿಲ್ಲ, ಅವರೇ ಕರೆದದ್ದು. ಮೇಲ್ ವಾಪಸ್ ಬಂದರೆ ಆ ವ್ಯಕ್ತಿ ಅಲ್ಲಿಲ್ಲ ಅಂತ, ಆಗ ಕಂಪನಿಯ ನೇಮಕಾತಿ ವಿಭಾಗದ ಸಾಮಾನ್ಯ ವಿಳಾಸಕ್ಕೆ ಹೊಸದಾಗಿ ಬರೆಯಬಹುದು, ಇದನ್ನೂ ಮೂರನೇ ಸಲ ಅಂತ ಎಣಿಸಬೇಡಿ. ಏನೂ ಬರದಿದ್ದರೆ ನಿಮ್ಮ ಪಟ್ಟಿಯಲ್ಲಿ ಆ ಹುದ್ದೆಯ ಮುಂದೆ ಮುಗಿಯಿತು ಅಂತ ಬರೆದುಕೊಂಡು, ನಿಲ್ಲಿಸಿಟ್ಟ ಬೇರೆ ಮಾತುಕತೆಗಳಿಗೆ ಉತ್ತರ ಬರೆಯಲು ಕೂರಿ.